ಕರ್ನಲ್ ಅಪ್‌ಡೇಟ್‌ಗೆ ಸರ್ವರ್ ರೀಬೂಟ್: ಸಿಬ್ಬಂದಿಗೆ ಹೋಗುವ ಮೇಲ್‌ನಲ್ಲಿ ಏನೇನು ಹೇಳಬೇಕು?

ಸರ್ವರ್_ಪಾಲಕ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಲಾಗಿನ್ ಆಗಿ ಕೆಲಸ ಮಾಡುವ ಒಂದೇ ದೊಡ್ಡ ಸರ್ವರ್ ಇದೆ. ಉಬುಂಟು 22.04, ಎರಡು ಗ್ರಾಫಿಕ್ಸ್ ಕಾರ್ಡ್. ಕರ್ನಲ್‌ನ ಭದ್ರತಾ ಅಪ್‌ಡೇಟ್ ತಾನಾಗಿಯೇ ಇಳಿದು ಕೂತಿದೆ, ರೀಬೂಟ್ ಮಾತ್ರ ಆಗಿಲ್ಲ. ಈಗ ಹೀಗಿದೆ:

```
$ uname -r
5.15.0-105-generic
$ cat /var/run/reboot-required.pkgs
linux-image-5.15.0-112-generic
linux-base
```

ಅಂದರೆ 112 ಡಿಸ್ಕಿನಲ್ಲಿ ಕಾಯುತ್ತಿದೆ, ಓಡುತ್ತಿರುವುದು ಇನ್ನೂ 105. ಮುಂದಿನ ಶನಿವಾರ ಸಂಜೆ 6ಕ್ಕೆ ರೀಬೂಟ್ ಮಾಡಬೇಕೆಂದಿದ್ದೇನೆ. ಸಿಬ್ಬಂದಿಗೆ ಕಳಿಸಲು ಬರೆದಿಟ್ಟಿರುವ ಮೇಲ್ ಇದು:

> ಆತ್ಮೀಯರೇ, ಕರ್ನಲ್ ಅಪ್‌ಡೇಟ್ ಸಲುವಾಗಿ ಶನಿವಾರ ಸಂಜೆ 6 ಗಂಟೆಗೆ ಸರ್ವರ್ ರೀಬೂಟ್ ಆಗಲಿದೆ. ಸುಮಾರು ಅರ್ಧ ಗಂಟೆ ಸರ್ವರ್ ಸಿಗುವುದಿಲ್ಲ. ಎಲ್ಲರೂ ತಮ್ಮ ಕೆಲಸ ಸೇವ್ ಮಾಡಿಕೊಂಡು ಲಾಗ್ ಔಟ್ ಆಗಬೇಕಾಗಿ ವಿನಂತಿ.

ಇಷ್ಟು ಸಾಕೋ ಸಾಲದೋ ಗೊತ್ತಾಗುತ್ತಿಲ್ಲ. ನಮ್ಮಲ್ಲಿ ಹೆಚ್ಚಿನವರು ಜೀವಶಾಸ್ತ್ರ, ಅಂಕಿಸಂಖ್ಯೆಯ ಕಡೆಯವರು. ಲಿನಕ್ಸ್ ಒಳಗಿನ ವಿಷಯ ಅವರಿಗೆ ಬೇಕಿಲ್ಲ. ಆದರೆ ಯಾರ ಕೆಲಸವೂ ಸುಮ್ನೆ ಹಾಳಾಗಬಾರದು. ನೀವಾದರೆ ಏನು ಬರೆಯುತ್ತೀರಿ?

---

ತುಂಗಾತೀರ

ಮೇಲ್ ಚೆನ್ನಾಗಿಯೇ ಇದೆ. ಒಂದು ಸಾಲು ಸೇರಿಸಿ ಸಾಕು: "ದೀರ್ಘ ಕೆಲಸ ಇದ್ದವರು tmux ಒಳಗೆ ಓಡಿಸಿ." ಅದರೊಳಗೆ ಹಾಕಿದರೆ ಲಾಗ್ ಔಟ್ ಆದರೂ ಕೆಲಸ ನಿಲ್ಲುವುದಿಲ್ಲ, ಅಲ್ವಾ? ನಾನಂತೂ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗಿ, ಮಾರನೇ ದಿನ `tmux attach` ಕೊಟ್ಟು ಮುಂದುವರಿಸುತ್ತೇನೆ. nohup ಕೂಡ ಆಗುತ್ತದೆ.

---

ಹಳೇ_ಟರ್ಮಿನಲ್

ತುಂಗಾತೀರ ಅವರೇ, ಲ್ಯಾಪ್‌ಟಾಪ್ ಮುಚ್ಚುವ ವಿಷಯದಲ್ಲಿ ನೀವು ಹೇಳಿದ್ದು ಸರಿ. ರೀಬೂಟ್ ವಿಷಯದಲ್ಲಿ ಸರಿಯಲ್ಲ. ಆ ಸಾಲು ಮೇಲ್‌ಗೆ ಹೋದರೆ ಜನ ಅದನ್ನೇ ನಂಬಿ ಕೆಲಸ ಕಳೆದುಕೊಳ್ಳುತ್ತಾರೆ.

tmux ಅಂದರೆ ಅದೂ ಸರ್ವರ್‌ನ ಮೆಮೊರಿಯಲ್ಲಿ ಓಡುವ ಒಂದು ಪ್ರೋಗ್ರಾಂ. ನಿಮ್ಮ ಸಂಪರ್ಕ ಕಡಿದರೂ ಅದು ಅಲ್ಲೇ ಇರುತ್ತದೆ, ಯಾಕೆಂದರೆ ಸರ್ವರ್ ಎದ್ದೇ ಇದೆ. ಸರ್ವರೇ ರೀಬೂಟ್ ಆದರೆ tmux ಹೋಯಿತು, ಅದರೊಳಗಿನ ಎಲ್ಲ ಕಿಟಕಿಗಳೂ ಹೋದವು. nohup ಮಾಡುವುದು ಇನ್ನೂ ಕಡಿಮೆ. ಸಂಪರ್ಕ ಕಡಿದಾಗ ಬರುವ ಒಂದು ಸಂಕೇತಕ್ಕೆ ಮಾತ್ರ ಅದು ಕಿವುಡು. ಮುಚ್ಚುವಾಗ ಸಿಸ್ಟಂ ಕಳಿಸುವ SIGTERM ಅದಕ್ಕೂ ತಾಗುತ್ತದೆ.

ಪಾಲಕರೇ, "ಸೇವ್ ಮಾಡಿ ಲಾಗ್ ಔಟ್ ಆಗಿ" ಎಂಬ ಸಾಲಿನಲ್ಲೇ ತೊಂದರೆ ಇದೆ. ಸದಾ tmux ಬಳಸುವವರು ಲಾಗ್ ಔಟ್ ಆಗಿಯೇ ಇರುತ್ತಾರೆ. ಈ ಮೇಲ್ ತಮಗಲ್ಲ ಎಂದುಕೊಳ್ಳುತ್ತಾರೆ. ಅತಿ ಹೆಚ್ಚು ಕಳೆದುಕೊಳ್ಳುವವರೂ ಅವರೇ.

---

ಲೆಕ್ಕ_ಶಾಖೆ

ನಾನು ಸಹಕಾರ ಸಂಘವೊಂದರ ಲೆಕ್ಕ ವಿಭಾಗದಲ್ಲಿದ್ದೇನೆ. ನಮಗೂ ಇಂಥ ಮೇಲ್ ಬರುತ್ತಿರುತ್ತದೆ. ನನ್ನ ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಬೇಕಾ? ಪ್ರತಿ ಸಲ ಹಾಗೇ ಮಾಡುತ್ತೇನೆ, ಅರ್ಧ ದಿನ ಹೋಗುತ್ತದೆ.

---

ಹಳೇ_ಟರ್ಮಿನಲ್

ಬೇಡ ಮೇಡಂ. ನಿಮ್ಮ ಮೇಜಿನ ಮೇಲಿರುವ ಕಂಪ್ಯೂಟರಿಗೆ ಇದರಿಂದ ಏನೂ ಆಗುವುದಿಲ್ಲ. ಸರ್ವರ್‌ನಲ್ಲಿ ಸೇವ್ ಆಗಿರುವ ಫೈಲ್‌ಗಳಿಗೂ ಆಗುವುದಿಲ್ಲ. ಒಂದು ಕೇಳುತ್ತೇನೆ: ನೀವು ಎಕ್ಸೆಲ್ ತೆರೆಯುವುದು ನಿಮ್ಮ ಕಂಪ್ಯೂಟರಿನಲ್ಲೋ, ಇಲ್ಲಾ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯೊಳಗೋ?

---

ಲೆಕ್ಕ_ಶಾಖೆ

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ. ಸಂಜೆ ಮೇಲಿನ ಕೆಂಪು ಗುರುತು ಒತ್ತಿ ಹೋಗುತ್ತೇನೆ. ಬೆಳಿಗ್ಗೆ ಬಂದರೆ ಎಲ್ಲ ಹಾಗೇ ತೆರೆದಿರುತ್ತದೆ.

---

ಹಳೇ_ಟರ್ಮಿನಲ್

ಹಾಗಾದರೆ ನಿಮಗೂ ಇದೇ ಮಾತು ಅನ್ವಯಿಸುತ್ತದೆ. ಕೆಂಪು ಗುರುತು ಒತ್ತಿದರೆ ಕಿಟಕಿ ಮುಚ್ಚುತ್ತದೆ, ಸೆಷನ್ ಮಾತ್ರ ಸರ್ವರ್‌ನಲ್ಲಿ ತೆರೆದೇ ಇರುತ್ತದೆ. ಸೇವ್ ಮಾಡದ ಶೀಟ್ ಅಲ್ಲಿನ ಮೆಮೊರಿಯಲ್ಲಿದೆ. ರೀಬೂಟ್ ಆದರೆ ಕೊನೆಯ ಸೇವ್ ನಂತರ ತುಂಬಿದ್ದು ಹೋಗುತ್ತದೆ. ಎಕ್ಸೆಲ್ ತಾನಾಗಿ ಒಂದು ಪ್ರತಿ ಇಟ್ಟುಕೊಂಡಿದ್ದರೆ ಸ್ವಲ್ಪ ಸಿಗಬಹುದು. ಸಾಮಾನ್ಯವಾಗಿ ಅದು 10 ನಿಮಿಷಕ್ಕೊಮ್ಮೆ. ಅದನ್ನೇ ನಂಬಬೇಡಿ. ಸೇವ್ ಮಾಡಿ, ಸ್ಟಾರ್ಟ್ ಮೆನುವಿನಿಂದ ಸೈನ್ ಔಟ್ ಆಗಿ. ಪೆನ್‌ಡ್ರೈವ್ ಬೇಕಿಲ್ಲ.

ಪಾಲಕರೇ, ನೋಡಿ. ಒಂದೇ ಮೇಲ್ ಓದಿ ಒಬ್ಬರು ಏನೂ ಹೋಗುವುದಿಲ್ಲ ಅಂದುಕೊಂಡರು, ಇನ್ನೊಬ್ಬರು ಎಲ್ಲ ಹೋಗುತ್ತದೆ ಅಂದುಕೊಂಡರು. ಹೋಗುವುದು ಯಾವುದು, ಉಳಿಯುವುದು ಯಾವುದು ಎಂದು ಮೇಲ್‌ನಲ್ಲೇ ಬಿಡಿಸಿ ಹೇಳಬೇಕು.

---

ಜೀನ್_ಲ್ಯಾಬ್

ನಾನು ಬಳಸುವವಳ ಕಡೆಯಿಂದ ಹೇಳುತ್ತೇನೆ. ಬೇರೊಂದು ಸಂಸ್ಥೆಯಲ್ಲಿ ಇಂಥದೇ ಸರ್ವರ್ ಬಳಸುತ್ತೇನೆ. ನನ್ನ ಕೆಲಸವೆಲ್ಲ ಜುಪಿಟರ್ ನೋಟ್‌ಬುಕ್‌ನಲ್ಲಿ. ಅದು ಎರಡು ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುತ್ತದೆ, ಹಾಗಾಗಿ ರೀಬೂಟ್ ಆದರೂ ಚಿಂತೆಯಿಲ್ಲ ಎಂದು ನಮ್ಮ ಲ್ಯಾಬಿನ ಎಲ್ಲರ ನಂಬಿಕೆ. ಇದು ಎಷ್ಟು ನಿಜ? ಶುಕ್ರವಾರ ಸಂಜೆ ಒಂದು ದೊಡ್ಡ ಸೆಲ್ ಓಡಿಸಿ, ಬ್ರೌಸರ್ ಮುಚ್ಚಿ ಹೋಗುವುದು ನಮ್ಮಲ್ಲಿ ಮಾಮೂಲು.

---

ಹಳೇ_ಟರ್ಮಿನಲ್

ಇದನ್ನು ಕೇಳಿದ್ದು ಒಳ್ಳೆಯದಾಯಿತು. ಸೇವ್ ಆಗುವುದು ನೋಟ್‌ಬುಕ್ ಫೈಲ್. ಅಂದರೆ ನೀವು ಬರೆದ ಕೋಡ್, ಮತ್ತು ಪರದೆಯಲ್ಲಿ ಆವರೆಗೆ ಕಂಡ ಫಲಿತಾಂಶ. ಓದಿಸಿಕೊಂಡ ಡೇಟಾ, ಲೆಕ್ಕ ಹಾಕಿ `result` ಎಂದೋ `df` ಎಂದೋ ಹೆಸರಿಟ್ಟಿದ್ದು ಎಲ್ಲ ಮೆಮೊರಿಯಲ್ಲೇ ಇರುತ್ತದೆ. ರೀಬೂಟ್ ಆದ ಮೇಲೆ ನೋಟ್‌ಬುಕ್ ತೆರೆದರೆ ಹಳೇ ಗ್ರಾಫ್ ಕಾಣುತ್ತದೆ. ಮುಂದಿನ ಸೆಲ್ ಓಡಿಸಿದರೆ `NameError: name 'df' is not defined` ಅನ್ನುತ್ತದೆ. ಮೇಲಿಂದ ಎಲ್ಲ ಮತ್ತೆ ಓಡಿಸಬೇಕು.

ಬ್ರೌಸರ್ ಮುಚ್ಚಿ ಹೋಗುವವರಿಗೆ ಇನ್ನೊಂದು ಅಪಾಯವಿದೆ. ಸಾಮಾನ್ಯವಾಗಿ ಆ ಎರಡು ನಿಮಿಷದ ಸೇವ್ ಮಾಡುವುದು ನಿಮ್ಮ ಬ್ರೌಸರ್, ಸರ್ವರ್ ಅಲ್ಲ. ಟ್ಯಾಬ್ ಮುಚ್ಚಿದ ಮೇಲೂ ಸೆಲ್ ಓಡುತ್ತದೆ, ಆದರೆ ಅದರ ಫಲಿತಾಂಶ ಫೈಲಿಗೆ ಬರೆಯುವವರಿಲ್ಲ. ನಿಮ್ಮ ಶುಕ್ರವಾರದ ಸೆಲ್ ಶನಿವಾರ ಮಧ್ಯಾಹ್ನ ಮುಗಿದಿದ್ದರೂ, ಸಂಜೆ 6ಕ್ಕೆ ರೀಬೂಟ್ ಆದರೆ ಅದು ಮಾಡಿದ ಲೆಕ್ಕ ಎಲ್ಲೂ ಇರುವುದಿಲ್ಲ. ಸೆಲ್‌ನ ಕೊನೆಯಲ್ಲಿ ಫಲಿತಾಂಶವನ್ನು ಫೈಲಿಗೆ ಬರೆಯುವ ಒಂದು ಸಾಲು, `df.to_parquet(...)` ಥರದ್ದು, ಇದ್ದರೆ ಮಾತ್ರ ಉಳಿಯುತ್ತದೆ.

---

ಸರ್ವರ್_ಪಾಲಕ

ನಮ್ಮಲ್ಲೂ ಅರ್ಧಕ್ಕರ್ಧ ಜನ ಹೀಗೇ ಕೆಲಸ ಮಾಡುವವರು. ಇದನ್ನು ಖಂಡಿತ ಹಾಕುತ್ತೇನೆ. `/tmp` ಬಗ್ಗೆಯೂ ಹೇಳಿ. ಹೋಮ್ ಫೋಲ್ಡರಿಗೆ ಮಿತಿ ಇಟ್ಟಿರುವುದರಿಂದ ಕೆಲವರು ದೊಡ್ಡ ಫೈಲ್‌ಗಳನ್ನು ಅಲ್ಲಿ ಇಡುತ್ತಿದ್ದಾರೆ.

---

ಹಳೇ_ಟರ್ಮಿನಲ್

ಉಬುಂಟು 22.04ರಲ್ಲಿ ಬೂಟ್ ಆಗುವಾಗ `/tmp` ಖಾಲಿಯಾಗುತ್ತದೆ. ಡಿಸ್ಕಿನ ಮೇಲಿದ್ದರೂ ಅಷ್ಟೇ. ಆ ನಿಯಮ `/usr/lib/tmpfiles.d/tmp.conf` ಫೈಲಿನಲ್ಲಿದೆ, ನೋಡಿಕೊಳ್ಳಿ:

```
D /tmp 1777 root root -
```

ಆ ದೊಡ್ಡ D ಅಕ್ಷರವೇ ಖಾಲಿ ಮಾಡು ಎಂದು ಹೇಳುವುದು. ರೆಡ್‌ಹ್ಯಾಟ್ ಕಡೆಯ ಸರ್ವರ್‌ಗಳಲ್ಲಿ ಹೀಗಿಲ್ಲ. ಅಲ್ಲಿ 10 ದಿನ ಯಾರೂ ಮುಟ್ಟದ ಫೈಲ್ ಹೋಗುತ್ತದೆ, ರೀಬೂಟ್‌ಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಕೆಲಸ ಮಾಡಿ ಬಂದವರು ನಿಮ್ಮಲ್ಲಿಯೂ ಫೈಲ್ ಉಳಿಯುತ್ತದೆ ಎಂದುಕೊಂಡಿರುತ್ತಾರೆ. `/dev/shm` ಎಲ್ಲೇ ಆದರೂ ಹೋಗುತ್ತದೆ, ಅದು ಮೆಮೊರಿಯೇ. `/var/tmp` ರೀಬೂಟ್ ದಾಟಿ ಉಳಿಯುತ್ತದೆ.

ಮೇಲ್‌ನಲ್ಲಿ ಆ ದಾರಿಗಳ ಹೆಸರನ್ನೇ ಹಾಕಿ. "ತಾತ್ಕಾಲಿಕ ಫೈಲ್‌ಗಳು ಅಳಿಸಿಹೋಗುತ್ತವೆ" ಎಂದರೆ ಮುಖ್ಯ ಫೈಲನ್ನು `/tmp`ನಲ್ಲಿ ಇಟ್ಟವರು ಅದು ತಮ್ಮದಲ್ಲ ಎಂದುಕೊಳ್ಳುತ್ತಾರೆ.

---

ಕಾವೇರಿ_ಕೋಡರ್

ನನ್ನ ಅಭಿಪ್ರಾಯದಲ್ಲಿ ರೀಬೂಟೇ ಬೇಡ. ಲೈವ್‌ಪ್ಯಾಚ್ ಹಾಕಿ. ಓಡುತ್ತಿರುವ ಕರ್ನಲ್‌ಗೇ ತೇಪೆ ಬೀಳುತ್ತದೆ, ಯಾರಿಗೂ ತೊಂದರೆಯಿಲ್ಲ. ಇದೂ ಅಲ್ಲದೆ ನಿಮ್ಮ ಸರ್ವರ್ ಕ್ಯಾಂಪಸ್ ಒಳಗೇ ಇದೆ, ಹೊರಗಿನವರು ಬರಲು ಆಗುವುದಿಲ್ಲ. ಇಷ್ಟು ಅವಸರ ಯಾಕೆ?

---

ಹಳೇ_ಟರ್ಮಿನಲ್

ಲೈವ್‌ಪ್ಯಾಚ್ ಒಳ್ಳೆಯದೇ. ಉಬುಂಟು ಪ್ರೊ ಚಂದಾ ಇದ್ದರೆ ಹಾಕಿಕೊಳ್ಳಲಿ. ಆದರೆ ಅದು ಗಂಭೀರ ದೋಷಗಳಿಗೆ ಮಾತ್ರ ಬರುತ್ತದೆ, ಅವೂ ಓಡುತ್ತಿರುವಾಗಲೇ ಬದಲಿಸಲು ಬರುವಂಥವಾದರೆ. ಉಳಿದ ತಿದ್ದುಪಡಿಗಳು ಹೊಸ ಕರ್ನಲ್‌ನಲ್ಲೇ ಇರುತ್ತವೆ. ರೀಬೂಟ್ ಅನ್ನು ಅದು ಮುಂದೂಡುತ್ತದೆ, ತಪ್ಪಿಸುವುದಿಲ್ಲ.

ಕ್ಯಾಂಪಸ್ ಒಳಗಿದೆ ಎನ್ನುವ ಮಾತು ಒಪ್ಪಲಾರೆ. 2022ರ ಮಾರ್ಚ್‌ನಲ್ಲಿ ಬಯಲಾದ ಡರ್ಟಿ ಪೈಪ್ (`CVE-2022-0847`) ನೆನಪಿಸಿಕೊಳ್ಳಿ. ಕರ್ನಲ್ 5.8ರಿಂದ ಇದ್ದ ದೋಷ. ಸಾಮಾನ್ಯ ಲಾಗಿನ್ ಇದ್ದವರು, ತಮಗೆ ಓದಲು ಮಾತ್ರ ಅನುಮತಿ ಇರುವ ಫೈಲಿನ ಒಳಗನ್ನೂ ಬದಲಿಸಬಹುದಿತ್ತು. `/etc/passwd` ಮುಟ್ಟಿದರೆ ಆಡಳಿತಗಾರರ ಅಧಿಕಾರವೇ ಕೈಗೆ ಬರುತ್ತಿತ್ತು. ಹೊರಗಿನವರು ಫೈರ್‌ವಾಲ್ ಒಡೆಯಬೇಕಿಲ್ಲ. ಒಬ್ಬ ವಿದ್ಯಾರ್ಥಿಯ ಪಾಸ್‌ವರ್ಡ್ ಸೋರಿದರೆ ಸಾಕು. ಹತ್ತಾರು ಜನ ಲಾಗಿನ್ ಆಗುವ ಸರ್ವರ್‌ಗೆ ಇಂಥ ದೋಷಗಳೇ ದೊಡ್ಡ ಅಪಾಯ. ರೀಬೂಟ್ ಏಕೆ ಎಂದು ಮೇಲ್‌ನಲ್ಲಿ ಒಂದೆರಡು ಸಾಲು ಹೀಗೆ ಬರೆದರೆ ಜನ ಒಪ್ಪುತ್ತಾರೆ. "ನಿರ್ವಹಣಾ ಕಾರಣಗಳಿಗಾಗಿ" ಎಂದರೆ ಮುಂದಕ್ಕೆ ಹಾಕಿ ಎಂದು ಹತ್ತು ಫೋನ್ ಬರುತ್ತವೆ.

---

ಕಾವೇರಿ_ಕೋಡರ್

ಅದೂ ಸರಿ. ಆದರೂ ಲೈವ್‌ಪ್ಯಾಚ್ ಇದ್ದರೆ ಶನಿವಾರವೇ ಆಗಬೇಕು ಎಂಬ ಒತ್ತಡ ಇರುವುದಿಲ್ಲ. ಬಿಡುವಾದ ವಾರ ನೋಡಿ ಮಾಡಬಹುದಲ್ಲ. ನಾನು ಅದನ್ನೇ ಹೇಳಿದ್ದು.

---

ಮಾಡೆಲ್_ಮಂಜು

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಟ್ರೇನಿಂಗ್ ಓಡಿಸುವವನು ನಾನು. ಒಂದು ಅನುಮಾನ. ಮುಚ್ಚುವಾಗ ಸಿಸ್ಟಂ ಪ್ರೋಗ್ರಾಂಗೆ ಸ್ವಲ್ಪ ಸಮಯ ಕೊಡುತ್ತದೆ ಎಂದು ಕೇಳಿದ್ದೇನೆ. ಅಷ್ಟರಲ್ಲಿ ಅದು ತಾನೇ ಸೇವ್ ಮಾಡಿಕೊಳ್ಳುವುದಿಲ್ಲವೇ?

---

ಹಳೇ_ಟರ್ಮಿನಲ್

ಸಮಯ ಕೊಡುವುದು ನಿಜ. ಮೊದಲು SIGTERM ಹೋಗುತ್ತದೆ. ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ಆಮೇಲೂ ಇದ್ದರೆ SIGKILL. ಕನ್ಸೋಲ್‌ನಲ್ಲಿ `A stop job is running for Session...` ಎಂದು ಎಣಿಕೆ ಓಡುವುದು ಆ ಹೊತ್ತಿನಲ್ಲೇ.

ಆದರೆ SIGTERM ಬಂದಾಗ ಏನು ಮಾಡಬೇಕೆಂದು ನಿಮ್ಮ ಪ್ರೋಗ್ರಾಂನಲ್ಲಿ ಬರೆದಿರದಿದ್ದರೆ ಪೈಥಾನ್ ತಕ್ಷಣ ಸತ್ತುಹೋಗುತ್ತದೆ. 90 ಸೆಕೆಂಡ್ ಇದ್ದೂ ಉಪಯೋಗವಿಲ್ಲ. ಆವರೆಗೆ ಬರೆದ ಲಾಗ್‌ನ ಕೊನೆಯ ಭಾಗವೂ ಹೋಗುತ್ತದೆ. ಔಟ್‌ಪುಟ್ ಫೈಲಿಗೆ ಹೋಗುವಾಗ ಪೈಥಾನ್ ಸಾಲು ಸಾಲಾಗಿ ಬರೆಯುವುದಿಲ್ಲ. ಕೆಲವು ಕಿಲೋಬೈಟ್ ತುಂಬುವವರೆಗೆ ಕೈಯಲ್ಲೇ ಇಟ್ಟುಕೊಂಡಿರುತ್ತದೆ. `python -u` ಎಂದು ಓಡಿಸಿದರೆ ಆಗಿಂದಾಗ ಬರೆಯುತ್ತದೆ.

ಟ್ರೇನಿಂಗ್ ಆದರೆ ಪ್ರತಿ ಸುತ್ತು ಮುಗಿದಾಗ ಚೆಕ್‌ಪಾಯಿಂಟ್ ಬರೆಯಿರಿ. ನೇರವಾಗಿ `model.pt` ಮೇಲೆ ಬರೆಯಬೇಡಿ. ಬರೆಯುತ್ತಿರುವಾಗಲೇ ಪ್ರೋಗ್ರಾಂ ಸತ್ತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. `model.pt.new` ಎಂದು ಬರೆದು, ಮುಗಿದ ಮೇಲೆ ಹೆಸರು ಬದಲಿಸಿ. ಆಗ ಯಾವಾಗ ನಿಂತರೂ ಒಂದು ಪೂರ್ತಿ ಪ್ರತಿ ಕೈಲಿರುತ್ತದೆ.

---

ಮಾಡೆಲ್_ಮಂಜು

ಥ್ಯಾಂಕ್ಸ್ ಸರ್. ಪಾಲಕರಿಗೂ ಒಂದು ಮಾತು. ಹೊಸ ಕರ್ನಲ್ ಎದ್ದ ಮೇಲೆ ಕಾರ್ಡೇ ಕಾಣದೆ ಹೋಗುವುದುಂಟು. ನಮ್ಮಲ್ಲಿ ಒಂದು ಸಲ ರೀಬೂಟ್ ಆದ ಮೇಲೆ `nvidia-smi` ಡ್ರೈವರ್ ಸಿಗುತ್ತಿಲ್ಲ ಎಂದಿತು, ಸೋಮವಾರದವರೆಗೂ ಎಲ್ಲರೂ ಕಾಯಬೇಕಾಯಿತು. ಹೊಸ ಕರ್ನಲ್‌ಗೆ ಡ್ರೈವರ್ ಕಟ್ಟಿರಲೇ ಇಲ್ಲ.

---

ಸರ್ವರ್_ಪಾಲಕ

ಈಗಲೇ ನೋಡಿದೆ. ನಮ್ಮ ಡ್ರೈವರ್ dkms ಮೂಲಕವೇ ಇರುವುದು:

```
$ dkms status
nvidia/535.183.01, 5.15.0-105-generic, x86_64: installed
nvidia/535.183.01, 5.15.0-112-generic, x86_64: installed
```

112ರ ಸಾಲು ಇದೆ, ಹಾಗಾಗಿ ಹೊಸ ಕರ್ನಲ್‌ಗೂ ಕಟ್ಟಿದೆ.

---

ಜೀನ್_ಲ್ಯಾಬ್

ಇನ್ನೊಂದು. ನಮ್ಮ ಸೀಕ್ವೆನ್ಸಿಂಗ್ ಡೇಟಾದ ಡಿಸ್ಕನ್ನು ಯಾರೋ ಕೈಯಿಂದ ಮೌಂಟ್ ಮಾಡಿಟ್ಟಿದ್ದರು. ರೀಬೂಟ್ ಆದ ಮೇಲೆ ಆ ಫೋಲ್ಡರ್ ಖಾಲಿ ಕಂಡಿತು. ಡೇಟಾ ಹೋಯಿತೆಂದು ಲ್ಯಾಬಿನವರೆಲ್ಲ ಗಾಬರಿಯಾದರು. ಅದಕ್ಕಿಂತ ಕೆಟ್ಟದ್ದೆಂದರೆ, ಒಬ್ಬರು ಅದೇ ಖಾಲಿ ಫೋಲ್ಡರಿಗೆ ಫಲಿತಾಂಶ ಬರೆಸಲು ಶುರು ಮಾಡಿ ಸರ್ವರ್‌ನ ಮುಖ್ಯ ಡಿಸ್ಕೇ ತುಂಬಿಹೋಯಿತು.

---

ಹಳೇ_ಟರ್ಮಿನಲ್

ಅದಕ್ಕೆ `/etc/fstab`ನಲ್ಲಿ ಸಾಲು ಇರಬೇಕು. ಪಾಲಕರೇ, ಈಗ ಮೌಂಟ್ ಆಗಿರುವುದನ್ನೂ ಆ ಫೈಲನ್ನೂ ಹೋಲಿಸಿ ನೋಡಿ. `findmnt --verify` ಕೊಟ್ಟರೆ ಸಾಲುಗಳಲ್ಲಿ ದೋಷವಿದ್ದರೆ ಹೇಳುತ್ತದೆ. ಹೊರಗಿನ ಡಿಸ್ಕ್‌ಗಳಿಗೆ `nofail` ಸೇರಿಸಿ. ಇಲ್ಲದಿದ್ದರೆ ಆ ಡಿಸ್ಕ್ ಸಿಗದಿದ್ದಾಗ ಸರ್ವರ್ ಪೂರ್ತಿ ಏಳದೆ ತುರ್ತು ಕನ್ಸೋಲ್‌ನಲ್ಲಿ ನಿಂತುಬಿಡುತ್ತದೆ. ಶನಿವಾರ ರಾತ್ರಿ ನೀವೇ ಓಡಬೇಕಾಗುತ್ತದೆ.

---

ಸರ್ವರ್_ಪಾಲಕ

ನೀವೆಲ್ಲ ಹೇಳಿದ್ದನ್ನು ಇಟ್ಟುಕೊಂಡು ಮೇಲ್ ಮತ್ತೆ ಬರೆದಿದ್ದೇನೆ:

> ಎಲ್ಲರಿಗೂ ನಮಸ್ಕಾರ.
>
> ಶನಿವಾರ ಸಂಜೆ 6 ಗಂಟೆಗೆ ಸರ್ವರ್ ರೀಬೂಟ್ ಆಗುತ್ತದೆ. ಆಗ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂ ನಿಲ್ಲುತ್ತದೆ. ನೀವು ಲಾಗ್ ಔಟ್ ಆಗಿದ್ದರೂ, tmux, screen, nohup ಬಳಸಿದ್ದರೂ ನಿಲ್ಲುತ್ತದೆ. ರೀಬೂಟ್ ನಂತರ ಅವು ತಾವಾಗಿ ಮತ್ತೆ ಶುರುವಾಗುವುದಿಲ್ಲ.
>
> ಹೋಮ್ ಫೋಲ್ಡರ್ ಮತ್ತು ಡೇಟಾ ಡಿಸ್ಕ್‌ಗಳಲ್ಲಿ ಸೇವ್ ಆಗಿರುವ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ನಿಮ್ಮ ಸ್ವಂತ ಕಂಪ್ಯೂಟರಿಗೂ ಏನೂ ಆಗುವುದಿಲ್ಲ.
>
> `/tmp` ಮತ್ತು `/dev/shm` ಖಾಲಿಯಾಗುತ್ತವೆ. ಅಲ್ಲಿ ಬೇಕಾದ ಫೈಲ್ ಇದ್ದರೆ ಶನಿವಾರಕ್ಕೆ ಮೊದಲು ಹೊರಗೆ ತೆಗೆಯಿರಿ. ಹೋಮ್ ಫೋಲ್ಡರಿನಲ್ಲಿ ಜಾಗ ಸಾಲದಿದ್ದರೆ ನನಗೆ ಹೇಳಿ, ಜಾಗ ಕೊಡುತ್ತೇನೆ.
>
> ಜುಪಿಟರ್ ನೋಟ್‌ಬುಕ್ ಬಳಸುವವರ ಗಮನಕ್ಕೆ: ನೋಟ್‌ಬುಕ್ ಫೈಲ್ ಉಳಿಯುತ್ತದೆ, ಮೆಮೊರಿಯಲ್ಲಿರುವ ಡೇಟಾ ಉಳಿಯುವುದಿಲ್ಲ. ಬ್ರೌಸರ್ ಮುಚ್ಚಿ ಓಡಲು ಬಿಟ್ಟ ಸೆಲ್‌ನ ಫಲಿತಾಂಶವನ್ನು ಫೈಲಿಗೆ ಬರೆಸದಿದ್ದರೆ ಅದೂ ಹೋಗುತ್ತದೆ.
>
> ನಿಮ್ಮ ಹೆಸರಿನಲ್ಲಿ ಏನೇನು ಓಡುತ್ತಿದೆ ಎಂದು ನೋಡಲು: `ps -u $USER -o pid,lstart,cmd`
>
> 5:55ರಿಂದ ಹೊಸದಾಗಿ ಲಾಗಿನ್ ಆಗಲು ಬರುವುದಿಲ್ಲ. ಎಲ್ಲ ಸರಿಯಿದೆ ಎಂದು ನಾನು ಮತ್ತೊಂದು ಮೇಲ್ ಕಳಿಸುವವರೆಗೆ ಹೊಸ ಕೆಲಸ ಶುರು ಮಾಡಬೇಡಿ.
>
> ಕಾರಣ: ಸರ್ವರ್ ಈಗ ಹಳೆಯ ಕರ್ನಲ್‌ನಲ್ಲಿ ಓಡುತ್ತಿದೆ. ಭದ್ರತಾ ದೋಷಗಳನ್ನು ತಿದ್ದಿದ ಹೊಸದು ಸಿದ್ಧವಿದೆ, ಆದರೆ ರೀಬೂಟ್ ಆಗದೆ ಅದು ಜಾರಿಗೆ ಬರುವುದಿಲ್ಲ. ಇಂಥ ದೋಷವಿದ್ದಾಗ ಯಾರೋ ಒಬ್ಬರ ಪಾಸ್‌ವರ್ಡ್ ಕದ್ದವರು ಎಲ್ಲರ ಫೈಲ್‌ಗಳನ್ನೂ ತಲುಪಬಹುದು.
>
> ಶನಿವಾರದೊಳಗೆ ಮುಗಿಯದ ಕೆಲಸ ಇದ್ದರೆ ಬುಧವಾರದೊಳಗೆ ತಿಳಿಸಿ.

---

ಹಳೇ_ಟರ್ಮಿನಲ್

ಬಹಳ ಚೆನ್ನಾಗಿದೆ. `shutdown -r 18:00` ಕೊಟ್ಟರೆ 5 ನಿಮಿಷ ಮೊದಲು ಲಾಗಿನ್ ತಾನೇ ನಿಲ್ಲುತ್ತದೆ, ಟರ್ಮಿನಲ್‌ಗಳಿಗೆ ಎಚ್ಚರಿಕೆಯೂ ಹೋಗುತ್ತದೆ. ಆದರೆ ಬ್ರೌಸರ್‌ನಲ್ಲಿ ನೋಟ್‌ಬುಕ್ ಮಾತ್ರ ತೆರೆದವರಿಗೆ ಆ ಎಚ್ಚರಿಕೆ ಕಾಣುವುದಿಲ್ಲ. ಶನಿವಾರ ಬೆಳಿಗ್ಗೆ ಇನ್ನೂ ಏನಾದರೂ ಓಡುತ್ತಿದ್ದರೆ ಅವರಿಗೆ ಫೋನ್ ಮಾಡಿ. ಕೊನೇ ಗಳಿಗೆಯಲ್ಲಿ ನಿಲ್ಲಿಸಬೇಕಾದರೆ `shutdown -c`.

---

ಮಾಡೆಲ್_ಮಂಜು

ಕೊನೇ ಸಾಲು ಮಾತ್ರ ನನಗೆ ಒಪ್ಪಿಗೆಯಿಲ್ಲ. "ತಿಳಿಸಿ" ಎಂದರೆ ಎಲ್ಲರೂ ತಿಳಿಸುತ್ತಾರೆ. ಒಬ್ಬರ ಕೆಲಸ ಭಾನುವಾರ ಮುಗಿಯುತ್ತದೆ, ಇನ್ನೊಬ್ಬರದು ಮಂಗಳವಾರ. ರೀಬೂಟ್ ಆಗುವುದು ಯಾವಾಗ?

---

ಜೀನ್_ಲ್ಯಾಬ್

ಹಾಗಂತ ಆ ಸಾಲು ತೆಗೆಯಬೇಡಿ. ಎಲ್ಲರ ಪ್ರೋಗ್ರಾಂನಲ್ಲೂ ಚೆಕ್‌ಪಾಯಿಂಟ್ ಹಾಕಲು ಬರುವುದಿಲ್ಲ. ನಮ್ಮ ಕೆಲವು ಜೀನೋಮ್ ಜೋಡಣೆಯ ಸಾಧನಗಳು ಅರ್ಧಕ್ಕೆ ನಿಂತರೆ ಮೊದಲಿಂದಲೇ ಶುರು. ಎರಡು ವಾರದ ಕೆಲಸ ಮುಗಿಯಲು ಒಂದು ದಿನ ಬಾಕಿಯಿದ್ದರೆ ಆ ಒಂದು ದಿನ ಕಾಯುವುದೇ ನ್ಯಾಯ.

---

ಸರ್ವರ್_ಪಾಲಕ

ಸದ್ಯಕ್ಕೆ ಹೀಗೆ ಮಾಡುತ್ತೇನೆ. ಮುಂದಕ್ಕೆ ಹೋಗುವುದಿದ್ದರೆ ಒಂದೇ ಸಲ, ಸೋಮವಾರ ಸಂಜೆ 6ಕ್ಕೆ. ಅದಕ್ಕಿಂತ ಮುಂದೆ ಹೋಗುವುದಿಲ್ಲ ಎಂದು ಮೇಲ್‌ನಲ್ಲೇ ಬರೆಯುತ್ತೇನೆ. ಯಾರ ಕಾರಣಕ್ಕೆ ಎಂದು ಹೆಸರು ಹಾಕುವುದಿಲ್ಲ. ಮಂಗಳವಾರ ಮುಗಿಯುವ ಕೆಲಸದವರಿಗೆ ಏನು ಹೇಳಬೇಕೋ ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಬೇಕು.

---

ಲೆಕ್ಕ_ಶಾಖೆ

ಹೊಸ ಮೇಲ್ ನನಗೂ ಅರ್ಥವಾಯಿತು. ವಿಷಯದ ಸಾಲಿನಲ್ಲಿ ಏನು ಹಾಕುತ್ತೀರಿ? "ಕರ್ನಲ್ ಅಪ್‌ಡೇಟ್" ಎಂದಿದ್ದರೆ ನಾನು ತೆರೆದೇ ನೋಡುವುದಿಲ್ಲ.

---

ಸರ್ವರ್_ಪಾಲಕ

"ಶನಿವಾರ ಸಂಜೆ 6: ಸರ್ವರ್‌ನಲ್ಲಿ ಓಡುತ್ತಿರುವ ನಿಮ್ಮ ಕೆಲಸಗಳೆಲ್ಲ ನಿಲ್ಲುತ್ತವೆ" ಎಂದು ಹಾಕಿದ್ದೇನೆ ಮೇಡಂ. ಇವತ್ತು ಸಂಜೆ ಕಳಿಸುತ್ತೇನೆ, ಶುಕ್ರವಾರ ಬೆಳಿಗ್ಗೆ ಅದನ್ನೇ ಇನ್ನೊಮ್ಮೆ.